ಮಳೆಗೆ ಮುಂಚಿನ ಒಂದು ಪೋಸ್ಟ್

ಮೈಸೂರಿನಲ್ಲಿ ಮೇ ತಿಂಗಳ ಮಳೆ ಹೇಳಿ ಕೇಳಿ ಬರುವುದಿಲ್ಲ. ಮಧ್ಯಾಹ್ನ ಮೂರರವರೆಗೂ ಉರಿಬಿಸಿಲು, ನಾಲ್ಕಕ್ಕೆ ಗಾಳಿ, ಐದಕ್ಕೆ ಗುಡುಗು. ಅರ್ಧ ಗಂಟೆಯಲ್ಲಿ ತಾರಸಿಯ ಮೂಲೆಯಲ್ಲಿ ನೀರು ನಿಂತು, ಮೆಟ್ಟಿಲ ಮೇಲಿನ ಬಾಗಿಲ ಸಂದಿಯಿಂದ ಒಳಗೆ ಇಳಿಯತೊಡಗುತ್ತದೆ. ಆರು ತಿಂಗಳಿಂದ ಉದುರಿದ ಹೊಂಗೆ ಎಲೆ, ಪಕ್ಕದ ಮನೆ ಕಟ್ಟುವಾಗ ಹಾರಿಬಂದ ಸಿಮೆಂಟಿನ ಪುಡಿ, ಪಾರಿವಾಳದ ಗೂಡಿನ ಕಡ್ಡಿ ಎಲ್ಲವೂ ಸೇರಿ ಮಳೆ ನೀರಿನ ಪೈಪಿನ ಬಾಯಿ ಕಟ್ಟಿಕೊಂಡಿರುತ್ತದೆ. ಮನೆಯವರು ಒಂದು ಕೈಯಲ್ಲಿ ಬಕೆಟ್ಟು ಹಿಡಿದು ಇನ್ನೊಂದು ಕೈಯಲ್ಲಿ ಫೋನಿನಲ್ಲಿ ಹುಡುಕುವುದು ಆಗಲೇ: ಹತ್ತಿರದ ಪ್ಲಂಬರ್.

ಆ ಹೊತ್ತಿಗೆ ಪರದೆಯ ಮೇಲೆ ಬರುವುದು ಹೆಸರು, ನಕ್ಷತ್ರಗಳು, ತೆರೆದಿದೆಯೋ ಮುಚ್ಚಿದೆಯೋ ಎನ್ನುವ ಒಂದು ಸಾಲು, ಕರೆ ಮಾಡುವ ಬಟನ್. ಪ್ರೊಫೈಲ್ ತೆರೆದು ಕೆಳಗೆ ಸರಿಸಿದರೆ, ಆ ಪ್ಲಂಬರ್ ಬರೆದು ಹಾಕಿದ ಪೋಸ್ಟ್ ಕಾಣುತ್ತದೆ, ಹಾಕಿದ್ದರೆ. ಬಹಳಷ್ಟು ಜನ ಹಾಕಿರುವುದಿಲ್ಲ. ಹಾಕಿದವರಲ್ಲಿಯೂ ಹೆಚ್ಚಿನವರದು ಹೀಗಿರುತ್ತದೆ:

“ಎಲ್ಲಾ ಬಗೆಯ ಪ್ಲಂಬಿಂಗ್ ಕೆಲಸ ಮಾಡಿಕೊಡಲಾಗುವುದು. ಮಳೆಗಾಲದ ವಿಶೇಷ ಆಫರ್!!! 50% ವರೆಗೆ ರಿಯಾಯಿತಿ. ಮೈಸೂರಿನಾದ್ಯಂತ. 24 ಗಂಟೆ ಸೇವೆ. ಇಂದೇ ಕರೆ ಮಾಡಿ”, ಅದರ ಕೆಳಗೆ ಎರಡು ಮೊಬೈಲ್ ನಂಬರು.

ಇದನ್ನು ಬರೆದವರು ಕೆಲಸ ಚೆನ್ನಾಗಿ ಬಲ್ಲವರೇ ಇರಬಹುದು. ಆದರೆ ಓದಿದವರಿಗೆ ಯಾವ ಕೆಲಸ, ಯಾವ ಬೀದಿಗೆ, ಎಷ್ಟು ಹೊತ್ತಿಗೆ, ಎಷ್ಟು ದುಡ್ಡಿಗೆ ಎನ್ನುವುದು ಒಂದೂ ತಿಳಿಯಲಿಲ್ಲ. ಆಫರ್ ಪೋಸ್ಟ್ ಎಂದರೆ ಬರೆದುಕೊಟ್ಟ ಮಾತು. ಈ ಲೇಖನದಲ್ಲಿ ಅಂಥ ಒಂದೇ ಒಂದು ಪೋಸ್ಟನ್ನು ಮೊದಲಿಂದ ಕಟ್ಟಿ ನೋಡೋಣ. ಮೈಸೂರಿನ ನೈಋತ್ಯ ಭಾಗದಲ್ಲಿ, ಕುವೆಂಪುನಗರದ ಸುತ್ತಮುತ್ತ, ಒಬ್ಬ ಹುಡುಗನನ್ನು ಜೊತೆಗಿಟ್ಟುಕೊಂಡು ಸ್ಕೂಟರಿನಲ್ಲಿ ಓಡಾಡುವ ಪ್ಲಂಬರ್ ಒಬ್ಬರು ಮಳೆಗೆ ಮುಂಚಿನ ಸರ್ವಿಸ್ ಆಫರ್ ಹಾಕಬೇಕೆಂದಿದ್ದಾರೆ ಎಂದು ಇಟ್ಟುಕೊಳ್ಳಿ. ಕೆಳಗೆ ಬರುವ ದರಗಳು ಉದಾಹರಣೆಗಷ್ಟೆ. ಲೆಕ್ಕ ಹಾಕುವ ರೀತಿಯನ್ನು ಮಾತ್ರ ಹಾಗೇ ಎತ್ತಿಕೊಳ್ಳಬಹುದು.

ಮೊದಲು ಜಾಗ ಯಾವುದು ಎನ್ನುವುದು ತಿಳಿದಿರಲಿ. ಗೂಗಲ್ ಬಿಸಿನೆಸ್ ಪ್ರೊಫೈಲ್ ಎನ್ನುವುದು ಹಿಂದೆ ಗೂಗಲ್ ಮೈ ಬಿಸಿನೆಸ್ ಎಂಬ ಹೆಸರಿನಲ್ಲಿತ್ತು. 2021ರಲ್ಲಿ ಹೆಸರು ಬದಲಾಯಿತು. ಅದಕ್ಕೆಂದೇ ಇದ್ದ ಪ್ರತ್ಯೇಕ ಆ್ಯಪ್ ಈಗಿಲ್ಲ. ಪ್ರೊಫೈಲ್ ಮಾಡಿದ ಜಿಮೇಲ್ ಖಾತೆಯಲ್ಲಿದ್ದುಕೊಂಡು ಗೂಗಲ್‌ನಲ್ಲಿ my business ಎಂದು ಹುಡುಕಿದರೆ ಸಾಕು, ತಿದ್ದುವ ಬಟನ್‌ಗಳು ಅಲ್ಲೇ ಬರುತ್ತವೆ. ಗೂಗಲ್ ಮ್ಯಾಪ್ಸ್‌ನಿಂದಲೂ ತಿದ್ದಬಹುದು. ಪ್ರೊಫೈಲಿಗೆ ಗೂಗಲ್‌ನ ದೃಢೀಕರಣ ಆಗಿರಬೇಕು. ಅಂಗಡಿ ಇಲ್ಲದೆ ಮನೆ ಮನೆಗೆ ಹೋಗಿ ಕೆಲಸ ಮಾಡುವವರಿಗೆ ಇದು ಹೆಚ್ಚಾಗಿ ವಿಡಿಯೊ ಮೂಲಕ ನಡೆಯುತ್ತದೆ. ಕೆಲಸದ ಸಾಮಾನು, ಗಾಡಿ, ತಾವೇ ಈ ಕೆಲಸ ಮಾಡುವವರು ಎನ್ನುವುದಕ್ಕೆ ಗುರುತು ತೋರಿಸಿ ತೆಗೆದ ವಿಡಿಯೊ. ಅದು ಮುಗಿದಿದ್ದರೆ ಪೋಸ್ಟ್ ಹಾಕಲು ಹಣ ಕೊಡಬೇಕಾಗಿಲ್ಲ.

ಪೋಸ್ಟಿನಲ್ಲಿ ಮೂರು ಬಗೆ: ಸುಮ್ಮನೆ ಸುದ್ದಿ ಹೇಳುವ Update, ರಿಯಾಯಿತಿಗೆ Offer, ಕಾರ್ಯಕ್ರಮಕ್ಕೆ Event. ನಮ್ಮ ಪ್ಲಂಬರ್‌ಗೆ ಬೇಕಾದದ್ದು ಎರಡನೆಯದು. ಅದರಲ್ಲಿ ಶೀರ್ಷಿಕೆ, ಶುರುವಾಗುವ ದಿನ, ಮುಗಿಯುವ ದಿನ ಕಡ್ಡಾಯ. ವಿವರ, ಷರತ್ತು, ಕೂಪನ್ ಕೋಡ್, ಲಿಂಕ್ ಬೇಕಿದ್ದರೆ ಹಾಕಬಹುದು. ಮುಗಿಯುವ ದಿನ ಕಡ್ಡಾಯವಾಗಿರುವುದು ಈ ಬಗೆಯ ದೊಡ್ಡ ಅನುಕೂಲ. ಆ ದಿನ ಕಳೆದರೆ ಆಫರ್ ತಾನಾಗಿ ಸರಿದುಹೋಗುತ್ತದೆ. ಅದೇ ಮಾತನ್ನು Update ಆಗಿ ಹಾಕಿದ್ದರೆ ಅದು ತಿಂಗಳುಗಟ್ಟಲೆ ಅಲ್ಲೇ ಇದ್ದು, ದೀಪಾವಳಿಯಲ್ಲೂ ಯಾರೋ ಮೇ ತಿಂಗಳ ದರ ಕೇಳಿಕೊಂಡು ಫೋನ್ ಮಾಡುತ್ತಾರೆ. ಅಲ್ಲಿಗೆ ಜಗಳವಾಗದಿದ್ದರೂ ಒಂದು ಬೇಸರ, ಅದರ ಹಿಂದೆಯೇ ಒಂದು ನಕ್ಷತ್ರದ ರಿವ್ಯೂ.

ಹಾಗಾದರೆ ಯಾವ ದಿನದಿಂದ ಯಾವ ದಿನದವರೆಗೆ? ಮುಂಗಾರು ಎಂದೊಡನೆ ಎಲ್ಲರೂ ಜೂನ್ ಒಂದನ್ನು ನೆನೆಯುತ್ತಾರೆ. ಅದು ಮುಂಗಾರು ಕೇರಳಕ್ಕೆ ಬರುವ ವಾಡಿಕೆಯ ದಿನ. ಮೈಸೂರಿನ ಮಳೆಯ ಲೆಕ್ಕ ಬೇರೆ. ಇಲ್ಲಿ ವರ್ಷದಲ್ಲಿ ಎರಡು ಬಾರಿ ಮಳೆ ಏರುತ್ತದೆ, ಒಮ್ಮೆ ಮೇ ತಿಂಗಳಲ್ಲಿ, ಇನ್ನೊಮ್ಮೆ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ. ನಡುವಿನ ಜೂನ್, ಜುಲೈ ಇಲ್ಲಿ ಅಷ್ಟೇನೂ ಸುರಿಯುವ ತಿಂಗಳುಗಳಲ್ಲ. ಹಾಗಾಗಿ ‘ಜೂನ್ ತಿಂಗಳ ಮಳೆಗಾಲದ ಆಫರ್’ ಮಂಗಳೂರಿನಲ್ಲಿ ಹಾಕಿದರೂ ತಡ, ಮೈಸೂರಿನಲ್ಲಿ ಇನ್ನೂ ತಡ. ಕಟ್ಟಿದ ಪೈಪಿನ ಸಂಕಟ ಮೊದಲ ಜೋರು ಮಳೆಯಲ್ಲೇ ಮುಗಿದಿರುತ್ತದೆ. ಏಪ್ರಿಲ್ 21ರಿಂದ ಮೇ 31 ಎಂದು ಇಟ್ಟುಕೊಂಡರೆ ಹದ. ಯುಗಾದಿಯ ಸುತ್ತಿನ ದಿನಗಳಲ್ಲಿ ಬೇವು, ಹೊಂಗೆ ಎಲೆ ಉದುರಿಸಿ ಚಿಗುರಿರುತ್ತವೆ. ಅದಕ್ಕೆ ಮೊದಲೇ ಪೈಪ್ ಶುಚಿ ಮಾಡಿಸಿದರೆ ಅದೇ ಎಲೆ ಮತ್ತೆ ಬಂದು ಕೂರುತ್ತದೆ.

ಈಗ ಕೆಲಸ. ‘ಎಲ್ಲಾ ಬಗೆಯ ಪ್ಲಂಬಿಂಗ್’ ಎನ್ನುವುದನ್ನು ಅಳಿಸಿ, ಈ ಆರು ವಾರಕ್ಕೆ ಒಂದೇ ಕೆಲಸವನ್ನು ಹಿಡಿಯಬೇಕು: ತಾರಸಿಯಿಂದ ಮಳೆ ನೀರು ಇಳಿಯುವ ದಾರಿಯನ್ನು ಬಿಡಿಸುವುದು. ಇದು ಸಣ್ಣ ಕೆಲಸ ಎನಿಸುತ್ತದೆ. ನೀರಿನ ಲೆಕ್ಕ ನೋಡಿದರೆ ಹಾಗನಿಸುವುದಿಲ್ಲ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರ್. ಮೂವತ್ತು-ನಲವತ್ತರ ಸೈಟಿನಲ್ಲಿ ಕಟ್ಟಿದ ಮನೆಯ ತಾರಸಿ ಸುಮಾರು 1,000 ಚದರ ಅಡಿ ಇದ್ದರೆ ಅದು 93 ಚದರ ಮೀಟರ್. ಒಂದು ಸಂಜೆ 30 ಮಿಲಿಮೀಟರ್ ಮಳೆ ಬಿದ್ದರೆ ಆ ತಾರಸಿಗೆ ಬಂದ ನೀರು ಸುಮಾರು 2,800 ಲೀಟರ್. ಮನೆ ಮೇಲೆ ಕೂರಿಸುವ ಸಾವಿರ ಲೀಟರಿನ ಟ್ಯಾಂಕ್ ಮೂರು ತುಂಬಲು ಸ್ವಲ್ಪವೇ ಕಡಿಮೆ. ಅಷ್ಟೂ ನೀರು ಸಾಮಾನ್ಯವಾಗಿ ಎರಡು ಪೈಪುಗಳಲ್ಲಿ ಇಳಿಯಬೇಕು. ಒಂದು ಕಟ್ಟಿದರೆ ಇನ್ನೊಂದಕ್ಕೆ ಭಾರ. ಎರಡೂ ಕಟ್ಟಿದರೆ ನೀರು ಇಳಿಜಾರು ಹಿಡಿದು ಮೂಲೆಗೆ ಬಂದು ಕೆರೆಯಾಗುತ್ತದೆ.

ಕೆಲಸ ಬಲ್ಲ ಪ್ಲಂಬರ್ ಇದನ್ನು ಹೇಗೆ ಮಾಡುತ್ತಾರೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಪೋಸ್ಟಿನ ಪ್ರತಿ ಸಾಲೂ ಇಲ್ಲಿಂದಲೇ ಹುಟ್ಟುತ್ತದೆ. ಮೊದಲು ತಾರಸಿಯ ಮೂಲೆಯಲ್ಲಿ ನೀರು ಹೋಗುವ ಬಾಯಿಯ ಜಾಲರಿ ತೆಗೆದು, ಕೈ ಹಾಕಿ ಕಸ ಎತ್ತುತ್ತಾರೆ. ಕಸವನ್ನು ಒಳಕ್ಕೆ ತಳ್ಳುವುದಿಲ್ಲ; ತಳ್ಳಿದರೆ ಅದು ಕೆಳಗಿನ ಬೆಂಡಿನಲ್ಲಿ ಹೋಗಿ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಒಂದು ಬಕೆಟ್ ನೀರನ್ನು ಒಮ್ಮೆಲೇ ಸುರಿದು, ಕೆಳಗೆ ನಿಂತ ಹುಡುಗ ಕೂಗಿ ಹೇಳುವುದನ್ನು ಕಾಯುತ್ತಾರೆ. ಸುರಿದ ರಭಸದಲ್ಲೇ ನೀರು ಬಂದರೆ ಪೈಪ್ ಸರಿ. ತಡೆದು, ಬಳುಕಿ, ಕಪ್ಪಗೆ ಬಂದರೆ ಕೆಳಗಿನ ಬೆಂಡಿನಲ್ಲಿ ಕಸ ಇದೆ. ಪೈಪಿನ ನಡುವಿನ ಯಾವುದೋ ಜಾಯಿಂಟಿನಿಂದ ಗೋಡೆ ಮೇಲೆ ನೀರು ಸೋರಿದರೆ ಅಲ್ಲಿ ಪೈಪ್ ಸಾಕೆಟ್ಟಿನಿಂದ ಜಾರಿದೆ, ಬಹುಶಃ ಮೇಲಿನ ಕ್ಲಾಂಪ್ ಕಿತ್ತುಬಂದಿರುವುದರಿಂದ.

ಕೆಳಗಿನ ಬೆಂಡ್ ಮುಖ್ಯ. ಮನೆ ಕಟ್ಟುವಾಗ ಬುದ್ಧಿವಂತರು ಡೋರ್ ಬೆಂಡ್ ಹಾಕಿಸಿರುತ್ತಾರೆ. ಅದಕ್ಕೆ ಬಿಚ್ಚಬಹುದಾದ ಒಂದು ಸಣ್ಣ ಬಾಗಿಲು ಇರುತ್ತದೆ. ಅದನ್ನು ತೆಗೆದರೆ ಹತ್ತು ನಿಮಿಷದಲ್ಲಿ ಕಸ ಹೊರಗೆ. ಸಾದಾ ಬೆಂಡ್ ಹಾಕಿ ಸಲ್ಯೂಷನ್‌ನಿಂದ ಅಂಟಿಸಿಬಿಟ್ಟಿದ್ದರೆ ಪೈಪ್ ಕತ್ತರಿಸಿ, ಕಸ ತೆಗೆದು, ಹೊಸ ಡೋರ್ ಬೆಂಡ್ ಮತ್ತು ಕಪ್ಲರ್ ಹಾಕಿ ಜೋಡಿಸಬೇಕು. ಸಾಮಾನೂ ಬೇಕು, ಹೊತ್ತೂ ಬೇಕು. ಪೈಪ್ ಗೋಡೆಯ ಒಳಗೇ ಹೋಗಿದ್ದರೆ ಅದು ಈ ದರದ ಕೆಲಸವೇ ಅಲ್ಲ. ಜಗಳ ಹುಟ್ಟುವುದು ಇಲ್ಲೇ. ಮನೆಯವರು ‘ಕ್ಲೀನಿಂಗ್’ ಎಂದು ಓದಿ ಎಲ್ಲವೂ ಸೇರಿದೆ ಎಂದುಕೊಂಡಿರುತ್ತಾರೆ. ಪ್ಲಂಬರ್ ಬೆಂಡ್ ಕತ್ತರಿಸಿದ ಮೇಲೆ ಬಾಬ್ತು ಹೇಳುತ್ತಾರೆ. ಪೋಸ್ಟಿನಲ್ಲಿ ಒಂದು ಸಾಲು ಇದ್ದಿದ್ದರೆ ಇಬ್ಬರ ಮರ್ಯಾದೆಯೂ ಉಳಿಯುತ್ತಿತ್ತು.

ಇನ್ನೂ ಒಂದನ್ನು ನೋಡಬೇಕು. ಕೆಲವು ಮನೆಗಳಲ್ಲಿ ಮಳೆ ನೀರಿನ ಪೈಪನ್ನು ಸೀದಾ ಯುಜಿಡಿ ಛೇಂಬರಿಗೆ ಕೊಟ್ಟಿರುತ್ತಾರೆ. ಒಳಚರಂಡಿಯ ಪೈಪು ಮನೆಯ ಕೊಳಚೆಗೆ ಎಂದು ಇರುವಂಥದ್ದು. ಬೀದಿಯ ಹತ್ತು ಮನೆಗಳ ತಾರಸಿ ನೀರು ಒಟ್ಟಿಗೆ ಅದಕ್ಕೆ ನುಗ್ಗಿದರೆ ತಗ್ಗಿನ ಮನೆಯ ಬಚ್ಚಲಲ್ಲಿ ಕೊಳಚೆ ಮೇಲೇಳುತ್ತದೆ. ಪ್ಲಂಬರ್ ಅದನ್ನು ಕಂಡರೆ ಮನೆಯವರಿಗೆ ಹೇಳಲೇಬೇಕು. ಮಳೆ ನೀರು ಹೋಗಬೇಕಾದದ್ದು ರಸ್ತೆ ಬದಿಯ ಮಳೆ ಚರಂಡಿಗೆ, ಅದಕ್ಕಿಂತ ಚೆನ್ನ ಇಂಗುಗುಂಡಿಗೆ ಅಥವಾ ಫಿಲ್ಟರ್ ದಾಟಿ ಸಂಪಿಗೆ. ‘ಪೈಪ್ ಎಲ್ಲಿಗೆ ಸೇರಿದೆ ಎಂದು ನೋಡಿ ಹೇಳುತ್ತೇವೆ’ ಎನ್ನುವ ಸಾಲು ಪೋಸ್ಟಿನಲ್ಲಿದ್ದರೆ, ನನ್ನ ಮಟ್ಟಿಗೆ ಅದು ಯಾವ ರಿಯಾಯಿತಿಗಿಂತಲೂ ಹೆಚ್ಚು ನಂಬಿಕೆ ಹುಟ್ಟಿಸುವ ಮಾತು. ಬಲ್ಲವರು ಮಾತ್ರ ಅದನ್ನು ಬರೆಯುತ್ತಾರೆ.

ಎರಡು ಪೈಪುಗಳ ಒಂದು ಮನೆಗೆ ಇಬ್ಬರು ಸೇರಿ ಮಾಡಿದರೆ ಒಂದೂವರೆ ಗಂಟೆ ಎಂದಿಟ್ಟುಕೊಳ್ಳಿ. ಈಗ ವೇಳೆಯ ವಿಷಯಕ್ಕೆ ಬರೋಣ. ‘24 ಗಂಟೆ ಸೇವೆ’ ಎಂದು ಬರೆಯುವ ಪ್ಲಂಬರ್‌ಗಳಲ್ಲಿ ರಾತ್ರಿ ಎರಡಕ್ಕೆ ಫೋನ್ ಎತ್ತುವವರು ಎಷ್ಟು ಜನ? ತಾರಸಿ ಕೆಲಸಕ್ಕಂತೂ ಆ ಮಾತು ಅರ್ಥವಿಲ್ಲದ್ದು. ಮೇ ತಿಂಗಳ ಗುಡುಗು ಮಳೆ ಹೆಚ್ಚಾಗಿ ಇಳಿಹೊತ್ತಿಗೆ, ಸಂಜೆಗೆ ಬರುತ್ತದೆ. ಒದ್ದೆ ತಾರಸಿಯ ಅಂಚಿನಲ್ಲಿ ಬಗ್ಗಿ ನಿಲ್ಲುವುದು, ಸಿಡಿಲಿನ ಹೊತ್ತಿನಲ್ಲಿ ಮೇಲೆ ಇರುವುದು ಜೀವಕ್ಕೆ ಅಪಾಯ. ಹುಡುಗನನ್ನು ಏಣಿ ಹತ್ತಿಸುವವರು ಇದನ್ನು ಮೊದಲು ಯೋಚಿಸಬೇಕು. ಅಂದ ಮೇಲೆ ಕೆಲಸದ ವೇಳೆ ಬೆಳಿಗ್ಗೆಯೇ: ಏಳೂವರೆಯಿಂದ ಮಧ್ಯಾಹ್ನ ಒಂದೂವರೆ. ಆರು ಗಂಟೆ ಹೊತ್ತು. ಓಡಾಟ, ಕಾಫಿ, ಒಂದು ಬೀಗ ಹಾಕಿದ ಗೇಟಿನ ಮುಂದೆ ಕಾಯುವುದು ಎಲ್ಲ ಕಳೆದರೆ ದಿನಕ್ಕೆ ಮೂರು ಮನೆ. ಭಾನುವಾರ ಬಿಟ್ಟು ಏಪ್ರಿಲ್ 21ರಿಂದ ಮೇ 31ರ ತನಕ ಸುಮಾರು 35 ಕೆಲಸದ ದಿನ. ಬೆಳಿಗ್ಗೆಯೇ ಮಳೆ ಹಿಡಿದ ದಿನಗಳನ್ನು ಬಿಟ್ಟರೆ ಈ ಆಫರಿನಲ್ಲಿ ಮಾಡಲಾಗುವುದು ಹೆಚ್ಚೆಂದರೆ ನೂರು ಮನೆ. ಈ ನೂರು ಎನ್ನುವ ಸಂಖ್ಯೆ ಕೈಯಲ್ಲಿದ್ದರೆ ಮಾತ್ರ ಪ್ಲಂಬರ್ ತಾವು ಕೊಡುತ್ತಿರುವ ಮಾತಿನ ಅಳತೆ ಬಲ್ಲರು.

ಅದಕ್ಕೇ ‘ದಿನಕ್ಕೆ ಮೂರು ಮನೆ ಮಾತ್ರ, ಹಿಂದಿನ ದಿನವೇ ಹೇಳಿ’ ಎಂದು ಬರೆಯುವುದು ಒಳ್ಳೆಯದು. ಇದರಲ್ಲಿ ಕೊರತೆ ತೋರಿಸಿ ಆಸೆ ಹುಟ್ಟಿಸುವ ಮಾರಾಟದ ಉಪಾಯ ಏನೂ ಇಲ್ಲ, ಇದು ನಿಜವಾದ ಲೆಕ್ಕ. ಕಾನೂನೂ ಈ ದಿಕ್ಕಿಗೇ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದಾರಿ ತಪ್ಪಿಸುವ ಜಾಹೀರಾತನ್ನು ತಡೆಯುತ್ತದೆ. 2022ರಲ್ಲಿ ಬಂದ ಮಾರ್ಗಸೂಚಿಯ ಪ್ರಕಾರ, ಹೇಳಿದ ದರಕ್ಕೆ ಒದಗಿಸಲಾಗದ್ದನ್ನು ಕಡಿಮೆ ದರ ತೋರಿಸಿ ಕರೆಯುವುದು ಸಲ್ಲದು. ‘50% ವರೆಗೆ’ ಎನ್ನುವಾಗ ಯಾವುದರ ಐವತ್ತು ಎಂದು ಹೇಳಲಾಗದಿದ್ದರೆ ಅದನ್ನು ಬಿಡುವುದೇ ಸರಿ. ವರ್ಷದ ಉಳಿದ ದಿನಗಳಲ್ಲಿ ಈ ಕೆಲಸಕ್ಕೆ ತಾವು ನಿಜವಾಗಿ 1,000 ರೂಪಾಯಿ ತೆಗೆದುಕೊಳ್ಳುತ್ತಿದ್ದರೆ, ಈಗ 750 ಎಂದು ಬರೆಯಲಿ. ಶೇಕಡಾ ಲೆಕ್ಕಕ್ಕಿಂತ ರೂಪಾಯಿ ಲೆಕ್ಕ ಮನೆಯವರಿಗೆ ಬೇಗ ಅರ್ಥವಾಗುತ್ತದೆ.

ಕೆಲಸದ ವೇಳೆ ಬೇರೆ, ಫೋನ್ ತೆಗೆದುಕೊಳ್ಳುವ ವೇಳೆ ಬೇರೆ. ಇವೆರಡನ್ನು ಬೆರೆಸುವುದು ತುಂಬ ಸಾಮಾನ್ಯವಾದ ತಪ್ಪು. ‘ಬೆಳಿಗ್ಗೆ 8ರಿಂದ ರಾತ್ರಿ 8’ ಎಂದು ಓದಿದವರು ರಾತ್ರಿ ಏಳಕ್ಕೆ ಪ್ಲಂಬರ್ ಬರುತ್ತಾರೆ ಎಂದೇ ತಿಳಿಯುತ್ತಾರೆ. ಪೋಸ್ಟಿನಲ್ಲಿ ಎರಡನ್ನೂ ಬಿಡಿಸಿ ಹೇಳಬೇಕು. ಇನ್ನೊಂದು ಕಡೆ ಪ್ರೊಫೈಲಿನಲ್ಲೇ ವೇಳೆಯ ಕಾಲಂ ಇದೆ; ‘ತೆರೆದಿದೆ’, ‘ಮುಚ್ಚಿದೆ’ ಎನ್ನುವುದು ಅಲ್ಲಿಂದ ಬರುತ್ತದೆಯೇ ಹೊರತು ಪೋಸ್ಟಿನಿಂದಲ್ಲ. ಪೋಸ್ಟಿನಲ್ಲಿ ಶನಿವಾರವೂ ಕೆಲಸ ಎಂದು ಬರೆದು, ಪ್ರೊಫೈಲಿನಲ್ಲಿ ಶನಿವಾರ ರಜೆ ಎಂದಿದ್ದರೆ ಹುಡುಕಿದವರಿಗೆ ಮೊದಲು ಕಾಣುವುದು ರಜೆ. ಅವರು ಪೋಸ್ಟಿನವರೆಗೆ ಬರುವುದೇ ಇಲ್ಲ. ಹಬ್ಬದ ದಿನ, ಊರಿಗೆ ಹೋಗುವ ದಿನಗಳಿಗೆ ಪ್ರೊಫೈಲಿನಲ್ಲಿ ವಿಶೇಷ ವೇಳೆ ಹಾಕುವ ಜಾಗ ಬೇರೆಯೇ ಇದೆ. ಮೇ ಒಂದರಂದು ಕೆಲಸ ಇಲ್ಲವೆಂದರೆ ಅಲ್ಲಿ ಹಾಕಿ ಬಿಡಬೇಕು. ಮಾಮೂಲಿ ವೇಳೆಯನ್ನು ತಿದ್ದಿ, ಮರುದಿನ ಮತ್ತೆ ಸರಿಮಾಡಲು ಮರೆಯುವುದು ಬೇಡ.

ಪ್ರದೇಶದ ಮಾತು ಇನ್ನೂ ಸೂಕ್ಷ್ಮ. ‘ಮೈಸೂರಿನಾದ್ಯಂತ’ ಎಂದು ಬರೆದರೆ ಬೋಗಾದಿಯಿಂದಲೂ ಕರೆ, ಬನ್ನಿಮಂಟಪದಿಂದಲೂ ಕರೆ. ಸ್ಕೂಟರಿನಲ್ಲಿ ಏಣಿ ಒಯ್ಯಲಾಗದು. ಮನೆಯವರ ಏಣಿಯೋ ಪಕ್ಕದ ಮನೆಯ ಏಣಿಯೋ ಸಿಗಬೇಕು. ಒಂದು ಬೆಂಡ್ ಕಡಿಮೆ ಬಿದ್ದರೆ ಗುರುತಿನ ಹಾರ್ಡ್‌ವೇರ್ ಅಂಗಡಿ ಹತ್ತಿರ ಇರಬೇಕು. ದಿನಕ್ಕೆ ಮೂರು ಮನೆ ಎಂಬ ಲೆಕ್ಕ ನಿಲ್ಲುವುದು ಆ ಮೂರೂ ಮನೆಗಳು ಹತ್ತು ಹದಿನೈದು ನಿಮಿಷದ ಹಾದಿಯಲ್ಲಿದ್ದರೆ ಮಾತ್ರ. ಆದ್ದರಿಂದ ನಮ್ಮ ಪ್ಲಂಬರ್ ಈ ಆಫರಿಗೆ ಐದು ಬಡಾವಣೆಗಳನ್ನು ಆರಿಸಿಕೊಳ್ಳುತ್ತಾರೆ: ಕುವೆಂಪುನಗರ, ರಾಮಕೃಷ್ಣನಗರ, ವಿವೇಕಾನಂದನಗರ, ಶ್ರೀರಾಂಪುರ, ದಟ್ಟಗಳ್ಳಿ. ಜನ ಬಾಯಲ್ಲಿ ಹೇಳುವ ಹೆಸರುಗಳನ್ನೇ ಬರೆಯಬೇಕು. ‘ದಕ್ಷಿಣ ವಲಯ’, ‘ಸುತ್ತಮುತ್ತಲ ಪ್ರದೇಶಗಳು’ ಎಂದರೆ ಓದುವವರಿಗೆ ತಮ್ಮ ಮನೆ ಅದರಲ್ಲಿ ಸೇರಿದೆಯೇ ಎಂದು ತಿಳಿಯುವುದಿಲ್ಲ.

ಪ್ರೊಫೈಲಿನಲ್ಲಿ ಸೇವಾ ಪ್ರದೇಶ ಎಂದು ತುಂಬುವ ಜಾಗವೂ ಇದೆ. ಊರು, ಬಡಾವಣೆ ಅಥವಾ ಪಿನ್‌ಕೋಡ್ ಮೂಲಕ 20 ಜಾಗಗಳವರೆಗೆ ಸೇರಿಸಬಹುದು; ಇಷ್ಟು ಕಿಲೋಮೀಟರ್ ದೂರದೊಳಗೆ ಎಂದು ಹಾಕುವ ಹಾಗಿಲ್ಲ. ಒಟ್ಟು ಪ್ರದೇಶ ತಾವಿರುವ ಜಾಗದಿಂದ ಗಾಡಿಯಲ್ಲಿ ಸುಮಾರು ಎರಡು ಗಂಟೆಯ ಹಾದಿಯನ್ನು ಮೀರಬಾರದು ಎಂದು ಗೂಗಲ್ ಹೇಳುತ್ತದೆ. ಗಿರಾಕಿಗಳು ಮನೆಗೆ ಬರುವ ವ್ಯವಹಾರ ಅಲ್ಲದಿದ್ದರೆ ವಿಳಾಸವನ್ನು ಮರೆಮಾಡಬೇಕು, ಸೇವಾ ಪ್ರದೇಶ ಮಾತ್ರ ಕಾಣುವಂತೆ ಇಡಬೇಕು. ಆ ಪ್ರದೇಶ ವರ್ಷಪೂರ್ತಿಯದು, ದೊಡ್ಡದಾಗಿರಬಹುದು. ಆಫರಿನ ಪ್ರದೇಶ ಅದರೊಳಗಿನ ಒಂದು ತುಂಡು. ಎರಡೂ ಒಂದೇ ಆಗಿರಬೇಕಿಲ್ಲ, ಆದರೆ ಆಫರಿನಲ್ಲಿ ಹೆಸರಿಸಿದ ಬಡಾವಣೆ ಪ್ರೊಫೈಲಿನಲ್ಲಿ ಇಲ್ಲದೆ ಹೋದರೆ ಓದುವವರಿಗೆ ಅನುಮಾನ ಬರುತ್ತದೆ.

ಬಡಾವಣೆಗಳ ಹೆಸರನ್ನು ಮೂವತ್ತು ನಲವತ್ತು ಒಟ್ಟಿ ಬರೆದರೆ ಹುಡುಕಾಟದಲ್ಲಿ ಮೇಲೆ ಬರುತ್ತೇವೆ ಎನ್ನುವ ಸಲಹೆಯನ್ನು ಮಾರುವವರಿದ್ದಾರೆ. ಹತ್ತಿರದ ಅಂಗಡಿ-ಕೆಲಸಗಾರರನ್ನು ತೋರಿಸುವಾಗ ಮೂರು ವಿಷಯ ನೋಡುತ್ತೇವೆ ಎಂದು ಗೂಗಲ್ ತಾನೇ ಹೇಳಿದೆ: ಹುಡುಕಿದ್ದಕ್ಕೂ ವ್ಯವಹಾರಕ್ಕೂ ಎಷ್ಟು ಹೊಂದಿಕೆ, ಹುಡುಕಿದವರಿಂದ ಎಷ್ಟು ದೂರ, ಆ ವ್ಯವಹಾರಕ್ಕೆ ಎಷ್ಟು ಹೆಸರಿದೆ. ದೂರವನ್ನು ಬರವಣಿಗೆಯಿಂದ ಕಡಿಮೆ ಮಾಡಲಾಗದು. ಅದೇ ಆಸೆಯಿಂದ ಪ್ರೊಫೈಲಿನ ಹೆಸರಿಗೇ ‘ಬೆಸ್ಟ್ ಪ್ಲಂಬರ್ ಕುವೆಂಪುನಗರ ದಟ್ಟಗಳ್ಳಿ’ ಎಂದು ಸೇರಿಸುವವರೂ ಇದ್ದಾರೆ. ಬೋರ್ಡಿನ ಮೇಲೆ, ಬಿಲ್ಲಿನ ಮೇಲೆ ಇರುವ ಹೆಸರಲ್ಲದೆ ಬೇರೆ ಸೇರಿಸುವುದು ನಿಯಮಕ್ಕೆ ವಿರುದ್ಧ, ಪ್ರೊಫೈಲೇ ಅಮಾನತಾಗಬಹುದು. ಪೋಸ್ಟಿನಲ್ಲಿ ಬಡಾವಣೆಯ ಹೆಸರು ಇರುವುದು ಓದುವ ಮನುಷ್ಯರಿಗಾಗಿ. ಐದೇ ಇರಲಿ, ಐದೂ ನಿಜವಾಗಿರಲಿ.

ಫೋನ್ ನಂಬರಿನ ಬಗ್ಗೆಯೂ ಒಂದು ಮಾತು. ಪೋಸ್ಟಿನ ಬರಹದೊಳಗೆ ನಂಬರ್ ಹಾಕಿದರೆ ಗೂಗಲ್ ಆ ಪೋಸ್ಟನ್ನು ತಿರಸ್ಕರಿಸಬಹುದು. ಇದು ಅದರ ನಿಯಮದಲ್ಲೇ ಇದೆ. ಎಷ್ಟೋ ಪ್ಲಂಬರ್‌ಗಳು ಪೋಸ್ಟ್ ಹಾಕಿ, ಅದು ಯಾರಿಗೂ ಕಾಣದೆ, ಕಾರಣ ತಿಳಿಯದೆ ಕೈಬಿಟ್ಟಿರುವುದು ಇದರಿಂದಲೇ. ನಂಬರ್ ಪ್ರೊಫೈಲಿನಲ್ಲಿದ್ದರೆ ಕರೆಯ ಬಟನ್ ಅಲ್ಲಿಯೇ ಇರುತ್ತದೆ. ವಾಟ್ಸ್‌ಆ್ಯಪ್ ಕೊಂಡಿಯನ್ನೂ ಪ್ರೊಫೈಲಿಗೇ ಸೇರಿಸಬಹುದು. ಪೋಸ್ಟಿನಲ್ಲಿ ‘ಈ ಪ್ರೊಫೈಲಿನಲ್ಲಿರುವ ನಂಬರಿಗೆ ಕರೆ ಮಾಡಿ’ ಎಂದರೆ ಸಾಕು. ಸಾಲು ಸಾಲು ಆಶ್ಚರ್ಯ ಚಿಹ್ನೆ, ಎಲ್ಲಿಂದಲೋ ಇಳಿಸಿಕೊಂಡ ನೀಲಿ ಸಮವಸ್ತ್ರದ ವಿದೇಶಿ ಪ್ಲಂಬರಿನ ಚಿತ್ರ ಇವೂ ಬೇಡ. ತಾವೇ ಮಾಡಿದ ಒಂದು ಕೆಲಸದ ಚಿತ್ರ ಸಾಕು: ಕಸ ತುಂಬಿದ ಪೈಪಿನ ಬಾಯಿ, ಅಥವಾ ಶುಚಿಯಾದ ಮೇಲಿನ ಬಾಯಿ. ಮನೆಯವರನ್ನು ಕೇಳಿ ತೆಗೆಯಬೇಕು, ಮನೆ ನಂಬರ್ ಕಾಣಬಾರದು. ಚಿತ್ರ 400ಕ್ಕೆ 300 ಪಿಕ್ಸೆಲ್‌ಗಿಂತ ಚಿಕ್ಕದಿರಬಾರದು. ಈಗಿನ ಯಾವ ಫೋನಿನ ಚಿತ್ರವೂ ಅದಕ್ಕಿಂತ ದೊಡ್ಡದೇ. ಚಿತ್ರದ ಮೇಲೆ ಅಕ್ಷರ ಬರೆಯಬೇಡಿ. ಬೇರೆ ಬೇರೆ ಪರದೆಗಳಲ್ಲಿ ಅಂಚು ಕತ್ತರಿಸಿ ಹೋಗಿ, ₹750 ಎನ್ನುವುದು ₹75 ಎಂದು ಕಂಡೀತು.

ಇನ್ನು ಅಕ್ಷರಗಳ ಲೆಕ್ಕ. ಆಫರಿನ ಶೀರ್ಷಿಕೆಗೆ 58, ವಿವರಕ್ಕೆ 1,500 ಅಕ್ಷರ ಮಿತಿ. ಕಂಪ್ಯೂಟರ್ ಎಣಿಕೆಯಲ್ಲಿ ಕನ್ನಡದ ಗುಣಿತ, ಒತ್ತು ಎಲ್ಲವೂ ಬೇರೆ ಬೇರೆ ಸಂಕೇತಗಳು. ‘ತ್ತ’ ಎನ್ನುವ ಒಂದೇ ಅಕ್ಷರ ಮೂರು ಸಂಕೇತವಾಗುತ್ತದೆ. ಹಾಗಾಗಿ ಶೀರ್ಷಿಕೆ ಐದಾರು ಪದಕ್ಕೆ ಮುಗಿಯಬೇಕು. ವಿವರಕ್ಕೆ ಜಾಗ ಬೇಕಾದಷ್ಟಿದೆ, ಆದರೆ ಬಿಡಿಸಿ ನೋಡುವ ಮೊದಲು ಕಾಣುವುದು ಒಂದೆರಡು ಸಾಲು. ನಮಸ್ಕಾರ, ಗೌರವಾನ್ವಿತ ಗ್ರಾಹಕರೇ ಎಂದು ಶುರುಮಾಡಿದರೆ ಆ ಎರಡು ಸಾಲು ಅಲ್ಲೇ ಮುಗಿದುಹೋಯಿತು. ಬಡಾವಣೆ ಮತ್ತು ವೇಳೆ ಮೊದಲು ಬರಲಿ, ಕೆಲಸದ ವಿವರ ಆಮೇಲೆ.

ಇಷ್ಟನ್ನೂ ಇಟ್ಟುಕೊಂಡು ಬರೆದರೆ ಪೋಸ್ಟ್ ಹೀಗಾಗುತ್ತದೆ. ಶೀರ್ಷಿಕೆ: “ಮಳೆಗೆ ಮುಂಚೆ ತಾರಸಿ ಪೈಪ್ ಕ್ಲೀನಿಂಗ್, ₹750”. ಅವಧಿ: ಏಪ್ರಿಲ್ 21ರಿಂದ ಮೇ 31. ವಿವರ:

“ಕುವೆಂಪುನಗರ, ರಾಮಕೃಷ್ಣನಗರ, ವಿವೇಕಾನಂದನಗರ, ಶ್ರೀರಾಂಪುರ, ದಟ್ಟಗಳ್ಳಿ. ಸೋಮವಾರದಿಂದ ಶನಿವಾರ, ಬೆಳಿಗ್ಗೆ 7.30ರಿಂದ ಮಧ್ಯಾಹ್ನ 1.30.

ತಾರಸಿಯ ಮಳೆ ನೀರಿನ ಪೈಪ್ ಎರಡರವರೆಗೆ ಶುಚಿ ಮಾಡಿಕೊಡುತ್ತೇವೆ. ಜಾಲರಿ ತೆಗೆದು ಕಸ ಎತ್ತಿ, ಮೇಲಿಂದ ನೀರು ಸುರಿದು ಕೆಳಗೆ ಸರಾಗವಾಗಿ ಬರುವುದನ್ನು ನಿಮ್ಮ ಎದುರಿಗೇ ತೋರಿಸುತ್ತೇವೆ. ಸಡಿಲವಾದ ಕ್ಲಾಂಪ್ ಬಿಗಿ ಮಾಡುತ್ತೇವೆ. ಪೈಪ್ ಎಲ್ಲಿಗೆ ಸೇರಿದೆ ಎಂದು ನೋಡಿ ಹೇಳುತ್ತೇವೆ. ಮಾಮೂಲಿ ದರ ₹1,000.

ದಿನಕ್ಕೆ ಮೂರು ಮನೆ ಮಾತ್ರ. ಹಿಂದಿನ ದಿನ ಸಂಜೆ 5ರಿಂದ 8ರೊಳಗೆ ಈ ಪ್ರೊಫೈಲಿನ ನಂಬರಿಗೆ ಕರೆ ಮಾಡಿ. ಬೆಳಿಗ್ಗೆ ಮಳೆ ಇದ್ದರೆ ಮಾತಾಡಿ ಬೇರೆ ದಿನ ಬರುತ್ತೇವೆ.”

ಷರತ್ತಿನ ಜಾಗದಲ್ಲಿ ಮೂರು ಸಾಲು: “ಎರಡು ಅಂತಸ್ತಿನವರೆಗಿನ ಮನೆಗಳಿಗೆ. ಪೈಪ್ ಕತ್ತರಿಸಬೇಕಾದರೆ ಅಥವಾ ಹೊಸ ಬೆಂಡ್, ಕ್ಲಾಂಪ್ ಬೇಕಾದರೆ ಮೊದಲು ಖರ್ಚು ಹೇಳಿ, ನೀವು ಒಪ್ಪಿದ ಮೇಲೆ ಕೆಲಸ. ಗೋಡೆಯೊಳಗಿನ ಪೈಪ್ ಈ ಆಫರಿಗೆ ಸೇರಿಲ್ಲ.” ಕೂಪನ್ ಕೋಡ್ ಬೇಡ. ವೆಬ್‌ಸೈಟ್ ಇಲ್ಲದಿದ್ದರೆ ಲಿಂಕಿನ ಜಾಗವನ್ನೂ ಖಾಲಿ ಬಿಡಬಹುದು.

ಸಂಜೆ ಐದರಿಂದ ಎಂಟು ಎಂದು ಫೋನಿಗೆ ವೇಳೆ ಕೊಟ್ಟದ್ದಕ್ಕೆ ಕಾರಣ ಇದೆ. ಬೆಳಿಗ್ಗೆ ತಾರಸಿಯ ಅಂಚಿನಲ್ಲಿರುವಾಗ ಜೇಬಿನಲ್ಲಿ ಫೋನ್ ಬಡಿದುಕೊಂಡರೆ ಎತ್ತಲಾಗದು, ಎತ್ತದಿದ್ದರೆ ಗಿರಾಕಿ ಮುಂದಿನ ಹೆಸರಿಗೆ ಹೋಗುತ್ತಾರೆ. ಆದರೂ ಬೆಳಿಗ್ಗೆ ಬರುವ ಕರೆಗಳು ನಿಲ್ಲುವುದಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ತಪ್ಪಿದ ಕರೆಗಳಿಗೆಲ್ಲ ತಿರುಗಿ ಮಾಡುವ ಅಭ್ಯಾಸ ಇರಬೇಕು.

ಹಾಕಿದ ಮೇಲೆ ಮಾಡಬೇಕಾದ ಒಂದು ಪರೀಕ್ಷೆ ಇದೆ. ತಮ್ಮ ಫೋನಿನಲ್ಲಿ ತಮ್ಮ ಖಾತೆಯಲ್ಲೇ ನೋಡಿದರೆ ಇನ್ನೂ ಪರಿಶೀಲನೆಯಲ್ಲಿರುವ ಪೋಸ್ಟೂ ಪಟ್ಟಿಯಲ್ಲಿ ಕಾಣುತ್ತದೆ. ಸ್ವಲ್ಪ ಹೊತ್ತು ಬಿಟ್ಟು, ಮನೆಯಲ್ಲಿ ಬೇರೆಯವರ ಫೋನಿನಲ್ಲಿ ವ್ಯವಹಾರದ ಹೆಸರು ಹುಡುಕಿ ನೋಡಬೇಕು. ಪೋಸ್ಟ್ ಕಾಣದಿದ್ದರೆ ತಮ್ಮ ಖಾತೆಗೆ ಹಿಂದಿರುಗಿ ಅದರ ಸ್ಥಿತಿ ಏನೆಂದು ಓದಬೇಕು. ತಿರಸ್ಕೃತ ಎಂದಿದ್ದರೆ ಮೊದಲು ಹುಡುಕಬೇಕಾದದ್ದು ಬರಹದೊಳಗೆ ಎಲ್ಲಾದರೂ ನಂಬರ್ ನುಸುಳಿದೆಯೇ ಎಂದು; ಚಿತ್ರದ ಮೂಲೆಯಲ್ಲಿ ವಿಸಿಟಿಂಗ್ ಕಾರ್ಡ್ ಅಂಟಿಸಿದ್ದರೆ ಅದರಲ್ಲೂ ನಂಬರ್ ಇರುತ್ತದೆ. ಪೋಸ್ಟ್ ಕಂಡರೆ, ಅದನ್ನು ಓದಿದ ಯಾರಾದರೂ ಒಬ್ಬರನ್ನು ಕೇಳಬೇಕು: ನಮ್ಮ ಮನೆಗೆ ಬರುತ್ತಾರಾ, ಯಾವಾಗ ಬರುತ್ತಾರೆ, ಎಷ್ಟಾಗುತ್ತದೆ? ಮೂರಕ್ಕೂ ತಡವರಿಸದೆ ಉತ್ತರ ಬಂದರೆ ಪೋಸ್ಟ್ ಸರಿಯಾಗಿದೆ.

ಮೇ ಎರಡನೇ ವಾರದ ಹೊತ್ತಿಗೆ ತಿಂಗಳ ಕೊನೆಯವರೆಗಿನ ದಿನಗಳು ತುಂಬಿಬಿಟ್ಟರೆ ಅದೇ ಪೋಸ್ಟನ್ನು ತೆರೆದು ಮುಗಿಯುವ ದಿನವನ್ನು ಹಿಂದಕ್ಕೆ ತರಬೇಕು, ಇಲ್ಲವೇ ಅಳಿಸಬೇಕು. ಅಷ್ಟರಲ್ಲಿ ಫೋನ್ ಮಾಡಿದವರಿಗೆ ಅದೇ ದರದಲ್ಲಿ ಜೂನ್ ಮೊದಲ ವಾರದ ದಿನ ಕೊಡುವುದು ನ್ಯಾಯ. ಪೋಸ್ಟ್ ಇರುವಾಗಲೇ ಅವರು ಕರೆ ಮಾಡಿದ್ದಾರಲ್ಲ. ಮತ್ತೆ ಸೆಪ್ಟೆಂಬರ್ ಮೊದಲಲ್ಲಿ, ಎರಡನೇ ಸುತ್ತಿನ ಮಳೆಗೆ ಮುನ್ನ, ಇದೇ ಬರಹವನ್ನು ಎತ್ತಿಕೊಳ್ಳಬಹುದು. ಆದರೆ ಅವಧಿ ತಿದ್ದಬೇಕು; ದಸರಾ ದಿನಗಳಲ್ಲಿ ಊರಿನ ರಸ್ತೆಗಳು ಹೇಗಿರುತ್ತವೆ ಎಂದು ಬಲ್ಲವರು ವೇಳೆಯನ್ನೂ ತಿದ್ದುತ್ತಾರೆ, ಆ ಹತ್ತು ದಿನಗಳಿಗೆ ಪ್ರೊಫೈಲಿನ ವಿಶೇಷ ವೇಳೆಯನ್ನೂ ಹಾಕುತ್ತಾರೆ.